ಬೀಗ ಬಿದ್ದ ಮನೆ: ಬಾಡಿಗೆದಾರನಿಗೆ ಕಾನೂನು ತೆರೆದಿಟ್ಟ ಬಾಗಿಲುಗಳು

2025ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೂ ರಂಜಾನ್ ತಿಂಗಳೂ ಒಟ್ಟಿಗೆ ಬಂದಿದ್ದವು. ಒಂದು ಮಧ್ಯಾಹ್ನ ನನ್ನ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಸರ್, ಹಾಲ್ ಟಿಕೆಟ್ ಮನೆಯೊಳಗಿದೆ. ಮನೆಗೆ ಮಾಲೀಕರು ಬೀಗ ಹಾಕಿದ್ದಾರೆ" ಎಂದಳು. ಇನ್ನೂ ಎರಡು ಪರೀಕ್ಷೆ ಬಾಕಿ ಇದ್ದವು.

ನಾನು ರಾಜ್ಯಶಾಸ್ತ್ರ ಪಾಠ ಮಾಡುವವನು. ಅದಕ್ಕೆ ಮೊದಲು ಕೆಲವು ವರ್ಷ ದಾವಣಗೆರೆ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡಿದ್ದೆ. ಹಾಗಾಗಿ ಇಂಥ ವಿಷಯಗಳು ನನ್ನ ಮೇಜಿಗೆ ಬರುತ್ತವೆ. ಆ ಮನೆಯ ಕಥೆಯನ್ನೇ ಇಟ್ಟುಕೊಂಡು ಈ ಸಂಚಿಕೆಯಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಬಾಡಿಗೆ ಮನೆಯಲ್ಲಿರುವವರು ಬಹಳ, ಮನೆ ಬಾಡಿಗೆಗೆ ಕೊಟ್ಟ ಕುಟುಂಬದವರೂ ಇದ್ದೀರಿ. ಪಾಠ ಇಬ್ಬರಿಗೂ ಸೇರಿದ್ದು.

ನಡೆದದ್ದು ಏನು

ಮನೆ ದಾವಣಗೆರೆಯ ಹಳೇ ಭಾಗದಲ್ಲಿದೆ. ತಿಂಗಳಿಗೆ 4,500 ರೂಪಾಯಿ ಬಾಡಿಗೆ, 50,000 ರೂಪಾಯಿ ಅಡ್ವಾನ್ಸ್. ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. 11 ತಿಂಗಳ ಕರಾರು ಪತ್ರ ಮುಗಿದು ಎರಡು ವರ್ಷವಾಗಿತ್ತು. ಹೊಸದನ್ನು ಯಾರೂ ಬರೆಸಿರಲಿಲ್ಲ. ಬಾಡಿಗೆ ಮಾತ್ರ ಪ್ರತಿ ತಿಂಗಳು ಹೋಗುತ್ತಿತ್ತು. ಮಾಲೀಕರು ಕೆಟ್ಟವರೇನಲ್ಲ. ಮಗನ ಮದುವೆ ಗೊತ್ತಾಗಿತ್ತು, ಅವರಿಗೆ ಮನೆ ಬೇಕಿತ್ತು. "ಪರೀಕ್ಷೆ ಮುಗಿಯಲಿ, ಬಿಡ್ತೀವಿ" ಎಂದು ಇವರು ಹೇಳಿದ್ದರು. ಅವರಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ.

ಮೊದಲು ಸಿಂಟೆಕ್ಸ್ ಟ್ಯಾಂಕಿನಿಂದ ಇವರ ಮನೆಗೆ ಬರುವ ವಾಲ್ವ್ ಮುಚ್ಚಿತು. ಸಹರಿಗೆ ಎದ್ದಾಗ ನಲ್ಲಿಯಲ್ಲಿ ನೀರಿಲ್ಲ. ಪಕ್ಕದ ಮನೆಯಿಂದ ಕೊಡ ಹೊತ್ತು ದಿನ ತಳ್ಳಿದರು. ನಾಲ್ಕು ದಿನ ಬಿಟ್ಟು ಫ್ಯೂಸ್ ಹೋಯಿತು. ಹುಡುಗಿ ಮೊಬೈಲ್ ಬೆಳಕಿನಲ್ಲಿ ಓದಿದಳು. ಅದಾದ ಮೇಲೆ ಒಂದು ದಿನ ಎಲ್ಲರೂ ಹೊರಗೆ ಹೋಗಿದ್ದಾಗ ಬಾಗಿಲಿಗೆ ಎರಡನೇ ಬೀಗ ಬಿದ್ದಿತ್ತು. ಹೊಲಿಗೆ ಯಂತ್ರ, ಗಿರಾಕಿಗಳ ಬಟ್ಟೆ, ಪುಸ್ತಕ, ಹಾಲ್ ಟಿಕೆಟ್, ಎಲ್ಲವೂ ಒಳಗೆ.

ಮೊದಲ ಪ್ರಶ್ನೆ: ಕರಾರು ಮುಗಿದಿದ್ದರೆ ಮಾಲೀಕನಿಗೆ ಬೀಗ ಹಾಕುವ ಹಕ್ಕಿದೆಯೇ?

ತಾಯಿಗೆ ಇದ್ದ ದೊಡ್ಡ ಭಯ ಇದೇ. "ಕರಾರೇ ಇಲ್ಲ ಸರ್, ನಮ್ಮ ಮಾತು ಯಾರು ಕೇಳ್ತಾರೆ?" ಎಂದರು. ಉತ್ತರ ಹೀಗಿದೆ: ಹಕ್ಕಿಲ್ಲ. ಕರಾರು ಮುಗಿದಿರಬಹುದು, ಮಾಲೀಕರಿಗೆ ಮನೆ ನಿಜವಾಗಿಯೂ ಬೇಕಾಗಿರಬಹುದು. ಆದರೂ ಒಳಗಿರುವವರನ್ನು ಹೊರಗೆ ಹಾಕುವ ಕೆಲಸ ಕೋರ್ಟಿನದು, ಮಾಲೀಕರದಲ್ಲ.

1985ರಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಪಾಟೀಲ್ ಎಕ್ಸಿಬಿಟರ್ಸ್ ಮತ್ತು ಬೆಂಗಳೂರು ನಗರ ಪಾಲಿಕೆ ನಡುವಿನ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ತೀರ್ಪು ಬರೆದವರು ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯನವರು. ಬಾಡಿಗೆ ಅವಧಿ ಮುಗಿದವನಿಗೆ ಮುಂದೆ ಅಲ್ಲಿರುವ ಹಕ್ಕು ಇಲ್ಲದಿರಬಹುದು, ಆದರೆ ಅವನ ಸ್ವಾಧೀನಕ್ಕೆ ಕಾನೂನಿನ ರಕ್ಷಣೆ ಇದೆ ಎಂಬುದು ಅದರ ತಿರುಳು. 1989ರಲ್ಲಿ ಕೃಷ್ಣರಾಮ್ ಮಹಾಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ನೆಲೆಯಾಗಿ ಇರುವವನನ್ನು ಕಾನೂನಿನ ಕ್ರಮದಿಂದಲ್ಲದೆ ಹೊರಹಾಕುವಂತಿಲ್ಲ ಎಂದಿತು.

ವಿದ್ಯಾರ್ಥಿಗಳು ಇಲ್ಲಿ ಎರಡು ಮಾತನ್ನು ಬೇರೆ ಮಾಡಿ ನೋಡಬೇಕು. ಒಂದು ಹಕ್ಕು, ಇನ್ನೊಂದು ಸ್ವಾಧೀನ. ಮನೆಯ ಒಡೆತನ ಮಾಲೀಕರದು. ಮನೆಯ ಸ್ವಾಧೀನ ಬಾಡಿಗೆದಾರನದು. ಒಡೆಯ ಸ್ವಾಧೀನವನ್ನು ಮರಳಿ ಪಡೆಯಬೇಕಾದರೆ ದಾರಿ ಇದೆ: ತಿಂಗಳ ಬಾಡಿಗೆಯ ಮನೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 106ರಂತೆ 15 ದಿನದ ನೋಟಿಸ್ ಕೊಡಬೇಕು, ಬಿಡದಿದ್ದರೆ ದಾವೆ ಹೂಡಬೇಕು, ಡಿಕ್ರಿ ಪಡೆಯಬೇಕು. ವಾಲ್ವ್ ತಿರುಗಿಸುವುದು, ಫ್ಯೂಸ್ ಕೀಳುವುದು, ಬೀಗ ಹಾಕುವುದು ಈ ದಾರಿಯ ಯಾವ ಮೆಟ್ಟಿಲೂ ಅಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ನೀರು, ವಿದ್ಯುತ್ ಮುಂತಾದ ಅಗತ್ಯ ಸೌಕರ್ಯ ಕಡಿತ ಮಾಡುವುದನ್ನು ನೇರವಾಗಿ ನಿಷೇಧಿಸಲಾಗಿದೆ. ಬಾಡಿಗೆ ನಿಯಂತ್ರಣಾಧಿಕಾರಿಗೆ ಅರ್ಜಿ ಕೊಡಬಹುದು. ಆದರೆ ಆ ಕಾಯ್ದೆಗೆ ಬಾಡಿಗೆಯ ಮಿತಿ ಇದೆ: ಊರನ್ನು ನೋಡಿ ವಾಸದ ಮನೆಗೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. 4,500 ರೂಪಾಯಿಯ ಈ ಮನೆ ಎರಡು ಮಿತಿಯನ್ನೂ ದಾಟಿತ್ತು. ಆದ್ದರಿಂದ ನಮಗೆ ಉಳಿದದ್ದು ಬೆಸ್ಕಾಂ, ಪೊಲೀಸ್ ಠಾಣೆ ಮತ್ತು ಸಿವಿಲ್ ಕೋರ್ಟ್.

ಕರೆಂಟು: ಮೊದಲು ಮೀಟರ್ ನೋಡಿ

ಕರೆಂಟು ಹೋದಾಗ ಅದು ಎಲ್ಲಿ ಕಡಿದಿದೆ ಎಂದು ಮೊದಲು ತಿಳಿಯಬೇಕು. ಮೀಟರಿನ ಪರದೆ ಬೆಳಗುತ್ತಿದ್ದು ಮನೆಯೊಳಗೆ ಮಾತ್ರ ಕತ್ತಲಾಗಿದ್ದರೆ ಮೀಟರಿನಿಂದ ಈಚೆಗೆ ಯಾರೋ ಫ್ಯೂಸ್ ಅಥವಾ ಮೇನ್ ಸ್ವಿಚ್ ತೆಗೆದಿದ್ದಾರೆ. ಮೀಟರೇ ಸತ್ತಿದ್ದರೆ ಬೆಸ್ಕಾಂ ಕಡೆಯಿಂದ ಕಡಿತವಾಗಿರಬಹುದು. 1912ಕ್ಕೆ ಕರೆ ಮಾಡಿ ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಹೇಳಿದರೆ ಬಾಕಿ ಇದೆಯೇ, ಸಂಪರ್ಕ ಕಡಿದಿದ್ದಾರೆಯೇ ಎಂದು ಕೇಳಬಹುದು. ದೂರು ದಾಖಲಿಸಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬಿಲ್ ಬಾಕಿಗಾಗಿ ಕಡಿಯಬೇಕಾದರೂ 2003ರ ವಿದ್ಯುತ್ ಕಾಯ್ದೆಯ ಕಲಂ 56ರಂತೆ ಕಂಪನಿ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಮಾಲೀಕರು ಕಟ್ಟಬೇಕಾದ ಬಾಕಿಯನ್ನು ಅವರು ಕಟ್ಟದೆ ಬಿಟ್ಟು ಅದು ಬಾಡಿಗೆದಾರನ ಮೇಲೆ ಬಂದರೆ, ಅವನು ಕಟ್ಟಿ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108 ಅವಕಾಶ ಕೊಡುತ್ತದೆ. ರಸೀದಿ ಮಾತ್ರ ಜೋಪಾನ.

ಮಾಲೀಕರೇ ತಮ್ಮ ಹೆಸರಿನ ಸಂಪರ್ಕ ರದ್ದು ಮಾಡಿಸಿದರೆ? ಅದೇ ಕಾಯ್ದೆಯ ಕಲಂ 43 ಒಡೆಯ ಅಥವಾ ವಾಸವಿರುವವನು ಅರ್ಜಿ ಕೊಟ್ಟರೆ ವಿದ್ಯುತ್ ಕೊಡಬೇಕು ಎನ್ನುತ್ತದೆ. "ಅಥವಾ ವಾಸವಿರುವವನು" ಎಂಬ ಮಾತಿಗೆ ಕೆಳಗೆರೆ ಎಳೆಯಿರಿ. ಮಾಲೀಕರ ಒಪ್ಪಿಗೆ ಪತ್ರ ಇಲ್ಲವೆಂದು ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರ ಆ ಜಾಗದಲ್ಲಿ ಇದ್ದಾನೆಯೇ ಎಂದಷ್ಟೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ದಿಲೀಪ್ ಮತ್ತು ಸತೀಶ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಆದರೆ ಸಿಟ್ಟಿನಲ್ಲಿ ಕಂಬದಿಂದ ತಂತಿ ಎಳೆಯಬೇಡಿ. ಅದು ವಿದ್ಯುತ್ ಕಳವು. ಅಲ್ಲಿಗೆ ದೂರು ಕೊಡಬೇಕಾದವನೇ ಆರೋಪಿಯಾಗುತ್ತಾನೆ.

ಠಾಣೆಯಲ್ಲಿ: "ಇದು ಸಿವಿಲ್ ಮ್ಯಾಟರ್"

ಬೀಗ ನೋಡಿದ ದಿನವೇ ಆ ತಾಯಿ ಠಾಣೆಗೆ ಹೋಗಿದ್ದರು. ಅಲ್ಲಿ ಸಿಕ್ಕ ಉತ್ತರ ನಿಮಗೂ ಸಿಗುವ ಸಾಧ್ಯತೆ ಇದೆ: "ಇದು ಸಿವಿಲ್ ಮ್ಯಾಟರಮ್ಮ, ಕೋರ್ಟಿಗೆ ಹೋಗಿ." ಅರ್ಧ ಸರಿ. ಮನೆ ಯಾರು ಬಿಡಬೇಕು, ಯಾವಾಗ ಬಿಡಬೇಕು ಎಂಬುದು ಸಿವಿಲ್. ಆದರೆ ಹೋಗುವ ಹಕ್ಕಿರುವ ಕಡೆಗೆ ಒಬ್ಬ ವ್ಯಕ್ತಿ ಹೋಗದಂತೆ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 126ರಂತೆ ಅಕ್ರಮ ತಡೆ. ಬೆದರಿಕೆ ಹಾಕಿದ್ದರೆ ಕಲಂ 351. ಪೈಪು ಒಡೆದು ಕುಡಿಯುವ ನೀರು ಕಡಿಮೆ ಮಾಡಿದ್ದರೆ ಕಲಂ 326ರ ಮೊದಲ ಭಾಗವೂ ಬರಬಹುದು.

ನಾನು ಅವರಿಗೆ ಅರ್ಜಿಯನ್ನು ಹೊಸದಾಗಿ ಬರೆಸಿದೆ. ಮೊದಲ ಅರ್ಜಿಯಲ್ಲಿ ಮಾಲೀಕರ ಗುಣದ ಬಗ್ಗೆ ಒಂದು ಪುಟ ಇತ್ತು, ಬೀಗದ ಬಗ್ಗೆ ಎರಡು ಸಾಲು. ಹೊಸ ಅರ್ಜಿಯಲ್ಲಿ ಎಷ್ಟು ವರ್ಷದಿಂದ ವಾಸ, ಕೊನೆಯ ಬಾಡಿಗೆ ಯಾವತ್ತು ಕೊಟ್ಟದ್ದು, ನೀರು ಯಾವ ದಿನ ನಿಂತಿತು, ಕರೆಂಟು ಯಾವ ದಿನ, ಬೀಗ ಯಾವ ದಿನ ಎಷ್ಟು ಹೊತ್ತಿಗೆ, ಒಳಗೆ ಏನೇನು ಉಳಿದಿದೆ, ನೋಡಿದವರು ಯಾರು, ಇಷ್ಟೇ. ಎರಡು ಪ್ರತಿ ಮಾಡಿ ಒಂದರ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡರು. ಕ್ರಮ ಕೈಗೊಳ್ಳುವುದಿಲ್ಲ ಎಂದಾದರೆ ಅದನ್ನೇ ಹಿಂಬರಹವಾಗಿ ಬರೆದು ಕೊಡಲು ಕೇಳಬೇಕು. ಆ ಹಿಂಬರಹ ಮುಂದೆ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಈ ಕ್ರಮ ಇದೆ.

ಈ ಹಂತದಲ್ಲಿ ಒಂದು ಹಳ್ಳ ಇದೆ. ಆ ಸಂಜೆ ಪೊಲೀಸರು ಮಾಲೀಕರನ್ನು ಕರೆಸಿದರು. ಮಾಲೀಕರು ತಕ್ಷಣ ಒಪ್ಪಿದರು: "ಬೀಗ ತೆಗೀತೀನಿ, ಸಾಮಾನೆಲ್ಲ ತಗೊಂಡು ಹೋಗ್ಲಿ." ತಾಯಿಗೆ ಜೀವ ಬಂದಂತಾಯಿತು. ಆಟೋ ಕರೆಯಲು ಹೊರಟೇ ಬಿಟ್ಟಿದ್ದರು. ಫೋನಿನಲ್ಲಿ ನಾನು ತಡೆದೆ. ಸಾಮಾನು ಪೂರ್ತಿ ತೆಗೆದು, ಒಂದು ಹಾಳೆಗೆ ಸಹಿ ಹಾಕಿ, ಕೀಲಿ ಕೊಟ್ಟರೆ ಅದು ತಾನಾಗಿಯೇ ಮನೆ ಬಿಟ್ಟಂತೆ. ಆಮೇಲೆ "ನನ್ನನ್ನು ಬಲವಂತವಾಗಿ ಹೊರಹಾಕಿದರು" ಎನ್ನಲು ಆಧಾರ ಉಳಿಯುವುದಿಲ್ಲ, 50,000 ಅಡ್ವಾನ್ಸ್ ಕೂಡ ಮಾಲೀಕರ ಮನಸ್ಸಿಗೆ ಬಿಟ್ಟದ್ದು. ಅವರು ಪೊಲೀಸರ ಎದುರು ಪುಸ್ತಕ, ಹಾಲ್ ಟಿಕೆಟ್ ಮತ್ತು ಗಿರಾಕಿಗಳ ಬಟ್ಟೆ ಮಾತ್ರ ತೆಗೆದುಕೊಂಡರು. "ಪರೀಕ್ಷೆಗಾಗಿ ಇಷ್ಟು ವಸ್ತು ಪಡೆದಿದ್ದೇವೆ, ಮನೆಯ ಸ್ವಾಧೀನ ಬಿಟ್ಟುಕೊಟ್ಟಿಲ್ಲ" ಎಂದು ಬರೆದು ಸಹಿ ಹಾಕಿದರು. ಹುಡುಗಿ ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಕೂತು ಓದಿದಳು.

ಕೋರ್ಟಿನಲ್ಲಿ: ಏನನ್ನು ಕೇಳಬೇಕು

ಖರ್ಚಿನ ಮಾತು ಮೊದಲು. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಹರಿಹರದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಆದ್ದರಿಂದ ದಾವೆಯನ್ನು ತಾಯಿಯ ಹೆಸರಿನಲ್ಲಿ ಹೂಡಿದೆವು. ಕರಾರು ಪತ್ರದಲ್ಲಿಯೂ ಅವರದೇ ಸಹಿ ಇತ್ತು.

ಬೇಡಿಕೆ ಪರಿಸ್ಥಿತಿಗೆ ತಕ್ಕಂತೆ ಇರಬೇಕು. ನೀರು, ಕರೆಂಟು ಕಡಿದಿದ್ದರೂ ನೀವು ಇನ್ನೂ ಮನೆಯೊಳಗಿದ್ದರೆ ಎರಡನ್ನು ಕೇಳಬೇಕು: ಕಾನೂನಿನ ಕ್ರಮವಿಲ್ಲದೆ ಹೊರಹಾಕಬಾರದು ಎಂಬ ತಡೆಯಾಜ್ಞೆ, ಮತ್ತು ಕಡಿದದ್ದನ್ನು ಮತ್ತೆ ಜೋಡಿಸಬೇಕು ಎಂಬ ಆದೇಶ. ಎರಡನೆಯದನ್ನು ಕಡ್ಡಾಯ ಆಜ್ಞೆ ಎನ್ನುತ್ತಾರೆ. ದಾವೆಯ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರಂತೆ ತಾತ್ಕಾಲಿಕ ಆದೇಶಕ್ಕೆ ಅರ್ಜಿ ಹಾಕುತ್ತಾರೆ. ನ್ಯಾಯಾಧೀಶರು ಮೂರನ್ನು ತೂಗುತ್ತಾರೆ: ಮೇಲ್ನೋಟಕ್ಕೆ ಅರ್ಜಿದಾರನ ಮಾತಿನಲ್ಲಿ ಹುರುಳಿದೆಯೇ, ಆದೇಶ ಕೊಡದಿದ್ದರೆ ಯಾರಿಗೆ ಹೆಚ್ಚು ಕಷ್ಟ, ಆ ನಷ್ಟವನ್ನು ಆಮೇಲೆ ಹಣದಿಂದ ತುಂಬಲು ಆಗುತ್ತದೆಯೇ. ವಾಲ್ವ್ ಮುಚ್ಚಿಯೇ ಇಲ್ಲ ಎಂದು ಮಾಲೀಕರು ವಾದಿಸಿದರೆ ಕೋರ್ಟ್ ಕಮಿಷನರನ್ನು ಕಳಿಸಿ ಸ್ಥಳ ನೋಡಿಸಲೂ ಕೇಳಬಹುದು.

ಬೀಗ ಬಿದ್ದು ನೀವು ಹೊರಗಿದ್ದರೆ ಬರೀ ತಡೆಯಾಜ್ಞೆ ಸಾಲದು. "ನನ್ನನ್ನು ಹೊರಹಾಕಬೇಡಿ" ಎಂದು ಹೊರಗೆ ನಿಂತು ಕೇಳಿದರೆ ಪ್ರಯೋಜನವೇನು? ಆಗ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಂತೆ ಸ್ವಾಧೀನವನ್ನು ಮರಳಿ ಕೊಡಿಸಲು ದಾವೆ ಹೂಡಬೇಕು. ಇದರಲ್ಲಿ ಕೋರ್ಟ್ ಕೇಳುವುದು ಸ್ವಲ್ಪವೇ: ನೀವು ಒಳಗಿದ್ದಿರಾ, ಒಪ್ಪಿಗೆಯಿಲ್ಲದೆ ಮತ್ತು ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೇ, ಅದಾಗಿ ಆರು ತಿಂಗಳು ಕಳೆದಿಲ್ಲವೇ? ಮನೆ ಯಾರದು ಎಂದು ಇಲ್ಲಿ ನೋಡುವುದಿಲ್ಲ. ಈ ತೀರ್ಪಿನ ಮೇಲೆ ಅಪೀಲೂ ಇಲ್ಲ.

ಆರು ತಿಂಗಳು ಎಂದರೆ ಆರೇ ತಿಂಗಳು

ನಾನು ಕೋರ್ಟಿನಲ್ಲಿದ್ದಾಗ ಹರಿಹರದಿಂದ ಒಬ್ಬರು ಬಂದಿದ್ದರು. ಸೈಕಲ್ ರಿಪೇರಿ ಅಂಗಡಿ, ಮಾಲೀಕ ಬೀಗ ಹಾಕಿದ್ದ. ಇವರು ಸಜ್ಜನರು, ಕೋರ್ಟು ಬೇಡ ಎಂದು ಹಿರಿಯರ ಮೂಲಕ ಮಾತಿಗೆ ಕೂತರು. ಹಬ್ಬ ಆಗಲಿ ಎಂದರು, ಮಳೆಗಾಲ ಕಳೆಯಲಿ ಎಂದರು. ನಮ್ಮ ಬಳಿ ಬಂದಾಗ ಎಂಟು ತಿಂಗಳಾಗಿತ್ತು. ಕಲಂ 6ರ ಬಾಗಿಲು ಮುಚ್ಚಿ ಹೋಗಿತ್ತು. ಉಳಿದದ್ದು ಹಕ್ಕನ್ನೂ ಸಾಬೀತು ಮಾಡಬೇಕಾದ ಉದ್ದದ ದಾವೆ. ಅವರ ಬಳಿ ಬಾಡಿಗೆ ರಸೀದಿಯೂ ಇರಲಿಲ್ಲ. ಕೊನೆಗೆ ಉಪಕರಣಗಳನ್ನು ಬಿಡಿಸಿಕೊಂಡು ಬೇರೆ ಕಡೆ ಅಂಗಡಿ ಹಾಕಿದರು.

ರಾಜಿ ಮಾತು ತಪ್ಪಲ್ಲ. ಆದರೆ ಮಾತುಕತೆ ನಡೆಯುತ್ತಿದೆ ಎಂದು ಕಾನೂನಿನ ಗಡಿಯಾರ ನಿಲ್ಲುವುದಿಲ್ಲ. ಬೀಗ ಬಿದ್ದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ದಾವೆ ಹಾಕಿಯೂ ಮಾತಾಡಬಹುದು.

ಸಾಕ್ಷ್ಯ: ನೀವು ಒಳಗಿದ್ದಿರಿ ಎಂಬುದಕ್ಕೆ

ಎಲ್ಲ ದಾರಿಗಳೂ ಒಂದೇ ಸಂಗತಿಯ ಮೇಲೆ ನಿಂತಿವೆ: ನೀವು ಆ ಮನೆಯಲ್ಲಿ ಇದ್ದಿರಿ ಎಂದು ತೋರಿಸಬೇಕು. ಈ ತಾಯಿಯ ಬಳಿ ಹಳೆಯ ಕರಾರು ಪತ್ರದ ಫೋಟೋ ಇತ್ತು, ಮೂಲ ಪ್ರತಿ ಮನೆಯೊಳಗೇ ಸಿಕ್ಕಿಕೊಂಡಿತ್ತು. ಬಾಡಿಗೆಯನ್ನು ಮಗಳು ಫೋನಿನಿಂದ ಕಳಿಸುತ್ತಿದ್ದುದರಿಂದ ಪ್ರತಿ ತಿಂಗಳ ದಾಖಲೆ ಬ್ಯಾಂಕಿನಲ್ಲಿ ಸಿಕ್ಕಿತು. ಗೃಹಜ್ಯೋತಿ ಯೋಜನೆಗೆ ತಾಯಿಯ ಆಧಾರ್ ಜೊತೆ ಆ ಮನೆಯ ಆರ್.ಆರ್. ನಂಬರ್ ಜೋಡಣೆಯಾಗಿತ್ತು. ಅದು ಒಳ್ಳೆಯ ಸಾಕ್ಷ್ಯವಾಯಿತು. ಗ್ಯಾಸ್ ಬುಕ್, ಕಾಲೇಜಿನ ದಾಖಲೆಯಲ್ಲಿದ್ದ ವಿಳಾಸ, ಎರಡು ಬೀಗದ ಫೋಟೋ, ಠಾಣೆಯ ಮೊಹರಿನ ಪ್ರತಿ, ಇಷ್ಟೂ ಸೇರಿದವು. ಭೋಗ್ಯಕ್ಕೆ ಇರುವವರಿಗೆ ತಿಂಗಳ ಬಾಡಿಗೆಯ ದಾಖಲೆ ಇರುವುದಿಲ್ಲ. ಅವರು ಭೋಗ್ಯದ ಪತ್ರವನ್ನು ಮತ್ತು ಹಣ ಕೊಟ್ಟ ದಾಖಲೆಯನ್ನು ಮನೆಯ ಹೊರಗೂ ಒಂದು ಕಡೆ ಇಡಬೇಕು.

ಬಾಡಿಗೆ ನಿಲ್ಲಿಸಬೇಡಿ. "ನೀರು ಕೊಡದವನಿಗೆ ಬಾಡಿಗೆ ಯಾಕೆ?" ಎಂದು ಅನ್ನಿಸುತ್ತದೆ. ಆದರೆ ಬಾಕಿ ಉಳಿಸಿಕೊಂಡವನು ಕೋರ್ಟಿನಲ್ಲಿ ತಡೆಯಾಜ್ಞೆ ಕೇಳುವಾಗ ಅವನ ಮಾತಿನ ತೂಕ ಇಳಿಯುತ್ತದೆ. ಮಾಲೀಕರು ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಅವರ ಖಾತೆಗೆ "ಮಾರ್ಚ್ ತಿಂಗಳ ಬಾಡಿಗೆ" ಎಂದು ಬರೆದು ಹಾಕಿ, ಇಲ್ಲವೇ ಮನಿಯಾರ್ಡರ್ ಮಾಡಿ. ವಾಪಸ್ ಬಂದ ಮನಿಯಾರ್ಡರಿನ ಚೀಟಿಯೂ ಸಾಕ್ಷ್ಯ.

ಬೀಗ ಒಡೆಯಬೇಡಿ. ಅದರಿಂದ ಜಗಳವಾಗಿ ಎರಡೂ ಕಡೆ ದೂರು ದಾಖಲಾದರೆ, ಬೀಗ ಹಾಕಿದ್ದು ಯಾರು ಎಂಬ ಪ್ರಶ್ನೆಯೇ ಮರೆಯಾಗುತ್ತದೆ.

ಹೇಗೆ ಮುಗಿಯಿತು

ನ್ಯಾಯಾಧೀಶರು ಒಂದೇ ಕಡೆಯ ಮಾತು ಕೇಳಿ ಆದೇಶ ಕೊಡಲಿಲ್ಲ, ಮಾಲೀಕರಿಗೆ ತುರ್ತು ನೋಟಿಸ್ ಕೊಟ್ಟರು. ಹೀಗೂ ಆಗುತ್ತದೆ, ಅದನ್ನು ಸೋಲೆಂದು ತಿಳಿಯಬಾರದು. ನೋಟಿಸ್ ತಲುಪಿದ ಮೇಲೆ ಮಾಲೀಕರು ತಮ್ಮ ವಕೀಲರನ್ನು ಕಂಡರು. ಅವರ ವಕೀಲರೂ ನಾನು ಮೇಲೆ ಬರೆದದ್ದನ್ನೇ ಹೇಳಿರಬೇಕು. ಮುಂದಿನ ತಾರೀಕಿನ ಮೊದಲೇ ಬೀಗ ತೆಗೆದು, ವಾಲ್ವ್ ತಿರುಗಿಸಿ, ಫ್ಯೂಸ್ ಹಾಕಿಸಿದರು. ಆಮೇಲೆ ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ಬರೆದುಕೊಂಡರು: ಒಂದು ನಿಗದಿತ ದಿನದೊಳಗೆ ಮನೆ ಬಿಡುವುದು, ಅಲ್ಲಿಯವರೆಗೆ ನೀರು ಕರೆಂಟಿಗೆ ತೊಂದರೆ ಕೊಡದಿರುವುದು, ಕೀಲಿ ಕೊಡುವ ದಿನವೇ 50,000 ರೂಪಾಯಿ ಅಡ್ವಾನ್ಸ್ ಪೂರ್ತಿ ಮರಳಿಸುವುದು. ಲೋಕ ಅದಾಲತ್‌ನ ತೀರ್ಮಾನಕ್ಕೆ ಕೋರ್ಟ್ ಡಿಕ್ರಿಯ ಬಲವಿದೆ, ಮೇಲೆ ಅಪೀಲಿಲ್ಲ.

ಗಮನಿಸಿ, ಅವರು ಕೊನೆಗೆ ಮನೆ ಬಿಟ್ಟರು. ಈ ಕಾನೂನುಗಳು ಯಾರ ಮನೆಯನ್ನೂ ಬಾಡಿಗೆದಾರನಿಗೆ ಬರೆದುಕೊಡುವುದಿಲ್ಲ. ಮಾಲೀಕರು ಸರಿಯಾದ ನೋಟಿಸ್ ಕೊಟ್ಟು ದಾವೆ ಹೂಡಿದ್ದರೆ ಇವರಿಗೆ ಉಳಿಯಲು ಬಲವಾದ ಕಾರಣವಿರಲಿಲ್ಲ. ಕಾನೂನು ಕೊಟ್ಟದ್ದು ಸಮಯ, ಅಡ್ವಾನ್ಸ್ ಹಣ, ಮತ್ತು ಹಗಲು ಹೊತ್ತಿನಲ್ಲಿ ತಮ್ಮ ಸಾಮಾನನ್ನು ತಾವೇ ಹೊತ್ತು ಹೋಗುವ ಮರ್ಯಾದೆ. ಮಾಲೀಕರ ಮಗನ ಮದುವೆಗೆ ಆ ಕುಟುಂಬಕ್ಕೂ ಕರೆ ಬಂದಿತ್ತು, ತಾಯಿ ಹೋಗಿ ಬಂದರು. ಹುಡುಗಿ ಉಳಿದ ಎರಡು ಪರೀಕ್ಷೆ ಬರೆದು ಪಾಸಾದಳು.

ತರಗತಿಯಲ್ಲಿ ಚರ್ಚಿಸಲು ಎರಡು ಪ್ರಶ್ನೆ:

1. ಆ ಸಂಜೆ ತಾಯಿ ಸಾಮಾನೆಲ್ಲ ಆಟೋದಲ್ಲಿ ತುಂಬಿಕೊಂಡು ಹೋಗಿದ್ದರೆ, ಕಲಂ 6ರ ದಾವೆಯಲ್ಲಿ ಅವರ ಯಾವ ಮಾತು ದುರ್ಬಲವಾಗುತ್ತಿತ್ತು?

2. ನೀವೇ ಮಾಲೀಕರಾಗಿದ್ದು, ಮದುವೆಗೆ ಮೂರು ತಿಂಗಳು ಮೊದಲು ಮನೆ ಬೇಕಾಗಿದ್ದರೆ, ಯಾವ ದಿನ ಯಾವ ಕಾಗದ ಕಳಿಸುತ್ತಿದ್ದಿರಿ?